ಶೇರುವಿನ ಒಣ ಮರಳು

ನಮ್ಮ ಮನೆಯ ಗಂಡು ಬೆಕ್ಕಿನ ಹೆಸರು ಶೇರು. ಹೋದ ಚಳಿಗಾಲದ ಒಂದು ಭಾನುವಾರ ಸಂಜೆ ನಾನು ಅಕೌಂಟೆನ್ಸಿ ಲೆಕ್ಕ ಮಾಡುತ್ತಾ ಕುಳಿತಿದ್ದೆ. ಶೇರು ಮತ್ತೆ ಮತ್ತೆ ತನ್ನ ಮರಳಿನ ಟ್ರೇಗೆ ಹೋಗುತ್ತಿದ್ದ. ಕುಳಿತು ಮುಕ್ಕರಿಯುತ್ತಿದ್ದ, ಒಂದು ಥರ ದಪ್ಪ ದನಿಯಲ್ಲಿ ಕೂಗುತ್ತಿದ್ದ, ಹೊರಗೆ ಬಂದು ಬಾಲದ ಕೆಳಗೆ ನೆಕ್ಕಿಕೊಳ್ಳುತ್ತಿದ್ದ. ಮಗ್ರಿಬ್ ಅಜಾನ್ ಆಗುವಷ್ಟರಲ್ಲಿ ಏಳು ಸಲ ಹೋಗಿ ಬಂದಿದ್ದ.

"ಪಾಪ, ಕಬ್ಜ್ ಆಗಿದೆ. ಸ್ವಲ್ಪ ತುಪ್ಪ ನೆಕ್ಕಿಸು" ಎಂದರು ನಾನಿ. ನೋವು ಇರಬೇಕೆಂದು ಅಬ್ಬಾ ಅರ್ಧ ಪ್ಯಾರಸಿಟಮಾಲ್ ಮಾತ್ರೆ ತೆಗೆದರು. ಶೇರು ಬಾಯಿ ತೆರೆಯಲಿಲ್ಲ, ಮಾತ್ರೆ ನೆಲಕ್ಕೆ ಬಿತ್ತು. ಬೆಳಿಗ್ಗೆ ನೋಡೋಣ ಎಂದು ಎಲ್ಲರೂ ಮಲಗಿದೆವು. ನಾವು ಮಾಡಿದ ದೊಡ್ಡ ತಪ್ಪು ಅದೇ.

ಬೆಳಿಗ್ಗೆ ಶೇರು ಎರಡು ಸಲ ವಾಂತಿ ಮಾಡಿದ್ದ. ಕರೆದರೆ ತಲೆ ಎತ್ತಲಿಲ್ಲ. ಅಬ್ಬಾ ಸ್ಕೂಟರ್ ತೆಗೆದರು. ನಾನು ಅವನನ್ನು ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಕುಳಿತೆ.

ಪಶುವೈದ್ಯರು ಹೊಟ್ಟೆಯ ಕೆಳಭಾಗ ಮುಟ್ಟಿದ ಕೂಡಲೇ ಕೇಳಿದರು: "ಟ್ರೇಯಲ್ಲಿ ಮರಳು ಒದ್ದೆಯಾಗಿತ್ತೇ?" ನಾವು ಯಾರೂ ನೋಡಿರಲಿಲ್ಲ. ಮೂತ್ರ ಕಟ್ಟಿಕೊಂಡಿತ್ತು. ಗಂಡು ಬೆಕ್ಕಿನ ಮೂತ್ರದ ದಾರಿ ತುದಿಯಲ್ಲಿ ಬಹಳ ಕಿರಿದು. ಮರಳಿನಂಥ ಸಣ್ಣ ಹರಳುಗಳು ಲೋಳೆಯ ಜೊತೆ ಸೇರಿ ಅಲ್ಲಿ ಬಿರಡೆಯಂತೆ ಕೂರುತ್ತವೆ. ಮೂತ್ರಕೋಶ ತುಂಬಿ ಗಟ್ಟಿ ಚೆಂಡಿನಂತೆ ಆಗುತ್ತದೆ. ಹೊರಹೋಗಬೇಕಾದ ಪೊಟ್ಯಾಶಿಯಂ ರಕ್ತದಲ್ಲೇ ಏರಿ ಕೊನೆಗೆ ಹೃದಯವನ್ನು ನಿಲ್ಲಿಸುತ್ತದೆ. ಪೂರ್ತಿ ಕಟ್ಟಿಕೊಂಡರೆ ಎರಡು ಮೂರು ದಿನದೊಳಗೆ ಬೆಕ್ಕು ಸಾಯಬಹುದು. ವಾಂತಿ ಶುರುವಾಗಿದೆ ಎಂದರೆ ವಿಷ ಆಗಲೇ ಏರಿದೆ ಎಂದರ್ಥ.

"ಮಲಬದ್ಧತೆ ಅಂತ ಅಂದುಕೊಂಡೆವು ಡಾಕ್ಟರ್" ಎಂದರು ಅಬ್ಬಾ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರಂತೆ. ಗುರುತಿಸುವ ದಾರಿ ಸುಲಭ. ಮಲಬದ್ಧತೆ ಇದ್ದರೂ ಬೆಕ್ಕು ಮೂತ್ರ ಮಾಡುತ್ತದೆ, ಮರಳು ಒದ್ದೆಯಾಗುತ್ತದೆ. ಗಂಡು ಬೆಕ್ಕು ಪದೇ ಪದೇ ಮುಕ್ಕರಿದೂ ಮರಳು ಒಣಗಿಯೇ ಇದ್ದರೆ, ಅಥವಾ ಒಂದೆರಡು ಹನಿ ಮಾತ್ರ ಬಿದ್ದಿದ್ದರೆ, ರಾತ್ರಿಯಾದರೂ ಹೊರಡಬೇಕು. ಹೊಟ್ಟೆಯನ್ನು ಒತ್ತಬಾರದು, ಮೂತ್ರಕೋಶ ಒಡೆಯಬಹುದು. ಇದಕ್ಕೆ ಮನೆಮದ್ದೇ ಇಲ್ಲ. ಶೇರುವಿಗೆ ಮತ್ತು ಬರಿಸಿ ಸಣ್ಣ ನಳಿಕೆ ಹಾಕಿ ಮೂತ್ರ ತೆಗೆದರು. ಮೂರು ದಿನ ಡ್ರಿಪ್ ಹಾಕಿದರು.

ಮಾತ್ರೆಯ ವಿಷಯ ಹೇಳಿದಾಗ ಡಾಕ್ಟರ್ ಮುಖ ಗಂಭೀರವಾಯಿತು. ಪ್ಯಾರಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ರಕ್ತ ಆಮ್ಲಜನಕ ಒಯ್ಯುವುದನ್ನೇ ಬಿಡುತ್ತದೆ. ಒಂದು ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು. ಅಂದು ಶೇರು ಹಟ ಮಾಡಿದ್ದೇ ಒಳ್ಳೆಯದಾಯಿತು.

ತಡಮಾಡಬಾರದ ಇನ್ನೆರಡು ಲಕ್ಷಣಗಳನ್ನೂ ಅವರು ಹೇಳಿದರು. ಸುಮ್ಮನೆ ಕುಳಿತಾಗಲೂ ಬೆಕ್ಕು ಬಾಯಿ ತೆರೆದು ಉಸಿರಾಡುವುದು ಒಂದು. ನಾಯಿಗೆ ಅದು ಸಹಜ, ಬೆಕ್ಕಿಗೆ ಅಲ್ಲ. ಇದ್ದಕ್ಕಿದ್ದಂತೆ ಹಿಂಗಾಲು ಎಳೆಯುತ್ತಾ ಜೋರಾಗಿ ಕೂಗುವುದು ಇನ್ನೊಂದು. ಮುಟ್ಟಿದಾಗ ಆ ಕಾಲು ತಣ್ಣಗಿದ್ದರೆ ಕಾಲಿಗೆ ಹೋಗುವ ರಕ್ತ ಹೆಪ್ಪುಗಟ್ಟಿ ನಿಂತಿರಬಹುದು.

ಮನೆಗೆ ಬಂದ ಮೇಲೆ ಅಮ್ಮಿಯ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ನಾನು ಒಂದು ಕಿಟ್ ಮಾಡಿದೆ. ಗಾಜ್ ಬಟ್ಟೆ ಮತ್ತು ಬ್ಯಾಂಡೇಜ್ ಇವೆ. ರಕ್ತ ಬಂದರೆ ಗಾಜ್ ಇಟ್ಟು ಐದು ನಿಮಿಷ ಎತ್ತಿ ನೋಡದೆ ಒತ್ತಿ ಹಿಡಿಯಬೇಕು. ಗಾಯ ತೊಳೆಯಲು ಒಂದು ಬಾಟಲಿ ಸಲೈನ್ ಇದೆ. ಪೊವಿಡೋನ್ ಅಯೋಡಿನ್ ಇದೆ, ಅದನ್ನು ನೀರಿನಲ್ಲಿ ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ತೆಳುಮಾಡಿ ಹಚ್ಚಬೇಕು. ನೀರಿಗೆ ಹಾಕಿದರೆ ಬೆಳ್ಳಗಾಗುವ ಡೆಟಾಲ್‌ನಂಥ ದ್ರಾವಣ ಬೇಡ. ಬೆಕ್ಕು ನೆಕ್ಕಿಕೊಂಡರೆ ಅದು ವಿಷ. ಡಿಜಿಟಲ್ ಥರ್ಮಾಮೀಟರ್ ಬೇರೆಯೇ ಇಟ್ಟಿದ್ದೇನೆ. ಗುದದ್ವಾರದಲ್ಲಿ ಇಟ್ಟು ನೋಡಿದಾಗ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 99ಕ್ಕಿಂತ ಕೆಳಗೆ ಅಥವಾ 104ಕ್ಕಿಂತ ಮೇಲೆ ಇದ್ದರೆ ಹೊರಡಬೇಕು. ಡಬ್ಬಿಯ ಪಕ್ಕದಲ್ಲಿ ಮುಚ್ಚಳದ ಬುಟ್ಟಿ, ದಪ್ಪ ಟವೆಲ್ ಇವೆ. ನೋವಿನಲ್ಲಿರುವ ಬೆಕ್ಕು ಮನೆಯವರನ್ನೂ ಕಚ್ಚುತ್ತದೆ.

ಡಬ್ಬಿಯಲ್ಲಿ ಒಂದೂ ಮಾತ್ರೆ ಇಲ್ಲ. ಮುಚ್ಚಳದ ಒಳಗೆ ರಾತ್ರಿ ಮತ್ತು ಭಾನುವಾರ ಸಿಗುವ ಇಬ್ಬರು ಪಶುವೈದ್ಯರ ನಂಬರ್ ಅಂಟಿಸಿದ್ದೇನೆ. ಆ ಭಾನುವಾರ ನಮ್ಮ ಬಳಿ ಇಲ್ಲದಿದ್ದದ್ದು ಅದೇ.

ಈಗ ನಾನಿಯೇ ದಿನಾ ಬೆಳಿಗ್ಗೆ ಟ್ರೇ ನೋಡಿ ಕೂಗಿ ಹೇಳುತ್ತಾರೆ: "ಗೀಲಾ ಹೈ!" ಒದ್ದೆಯಾಗಿದೆ ಎಂದು. ಅದನ್ನು ಕೇಳಿದ ಮೇಲೆಯೇ ನಾನು ಕಾಲೇಜಿಗೆ ಹೊರಡುವುದು.