ಮಳೆ ರಜೆ ಮುಗಿದ ಮೇಲೆ ಬರುವ ಚೀಟಿ

ಕರಾವಳಿಯಲ್ಲಿ ಆಟಿ ತಿಂಗಳ ಮಳೆ ಶುರುವಾದರೆ ರಾತ್ರಿ ಊಟದ ಹೊತ್ತಿಗೆ ಮನೆಮನೆಯಲ್ಲೂ ಒಂದೇ ಪ್ರಶ್ನೆ: "ನಾಳೆ ರಜೆ ಉಂಟಾ?" ಮಕ್ಕಳಿಗೆ ಅದು ಹಬ್ಬದ ಪ್ರಶ್ನೆ. ಬೆಳಗ್ಗೆ ಏಳು ಗಂಟೆಯ ಬಸ್ಸಿಗೆ ಮಕ್ಕಳನ್ನು ಹತ್ತಿಸಬೇಕಾದ ತಾಯಂದಿರಿಗೆ ಬುತ್ತಿ ಕಟ್ಟಬೇಕೇ ಬೇಡವೇ ಎಂಬ ಪ್ರಶ್ನೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾಗಿ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ. ಆ ಆದೇಶ ಕೆಲವು ಸಲ ರಾತ್ರಿ ಎಂಟಕ್ಕೆ ಬರುತ್ತದೆ, ಕೆಲವು ಸಲ ಬೆಳಗ್ಗೆ ಆರಕ್ಕೆ. ಕೆಲವು ಸಲ ಇಡೀ ಜಿಲ್ಲೆಗೆ, ಕೆಲವು ಸಲ ಎರಡೋ ಮೂರೋ ತಾಲೂಕಿಗೆ. ತಲಪಾಡಿಯ ಗಡಿ ದಾಟಿ ಕಾಸರಗೋಡಿನಿಂದ ಓದಲು ಬರುವ ಮಕ್ಕಳ ಪಾಡು ಇನ್ನೂ ಬೇರೆ. ಅವರ ಊರಿನ ರಜೆ ಒಂದು, ಶಾಲೆಯ ಊರಿನ ರಜೆ ಇನ್ನೊಂದು.

ಮಕ್ಕಳ ಕ್ಷೇಮದ ದೃಷ್ಟಿಯಿಂದ ಈ ರಜೆ ಬೇಕೇ ಬೇಕು. ದಿನಕ್ಕೆ 204 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಸೂಚನೆ ಇರುವಾಗ, ಕಾಲುಸಂಕ ದಾಟಿ ಬರುವ ಮಕ್ಕಳನ್ನು ಯಾರೂ ಶಾಲೆಗೆ ಕರೆಯಬಾರದು. ನಾನು ಹೇಳಹೊರಟಿದ್ದು ರಜೆಯ ಮಾರನೆಯ ದಿನದ ಸಂಗತಿ. ರಜೆ ಬಂದ ಶನಿವಾರ ಪೋಷಕರ ಸಭೆ ಇತ್ತು, ಒಬ್ಬೊಬ್ಬರಿಗೂ ಹತ್ತು ಹತ್ತು ನಿಮಿಷ ಕೊಟ್ಟಾಗಿತ್ತು, ಸಭೆ ನಡೆಯಲಿಲ್ಲ. ಈಗ ಶಾಲೆಯಿಂದ ಮನೆಗೆ ಒಂದು ಚೀಟಿ ಹೋಗಬೇಕು. ಆ ಚೀಟಿಯಲ್ಲಿ ಏನು ಬರೆಯಬೇಕು?

ಎಷ್ಟೋ ಶಾಲೆಗಳು ಸುಲಭದ ದಾರಿ ಹಿಡಿಯುತ್ತವೆ. ಹಳೆಯ ಸಮಯಗಳೆಲ್ಲ ರದ್ದು, ಇಂತಿಂಥ ದಿನ ಬೆಳಗ್ಗೆ ಒಂಬತ್ತರಿಂದ ಹೊಸದಾಗಿ ಸಮಯ ಪಡೆಯಿರಿ, ಮೊದಲು ಬಂದವರಿಗೆ ಮೊದಲ ಆದ್ಯತೆ ಎಂದು ಗ್ರೂಪಿಗೆ ಒಂದು ಸಂದೇಶ ಹಾಕಿಬಿಡುತ್ತವೆ. ನೋಡಲು ಎಲ್ಲರಿಗೂ ಸಮಾನ ನ್ಯಾಯದಂತೆ ಕಾಣುತ್ತದೆ. ಆದರೆ ಒಂಬತ್ತು ಗಂಟೆಗೆ ಕೈಯಲ್ಲಿ ಫೋನ್ ಹಿಡಿದು ಕೂರಬಲ್ಲವರು ಯಾರು? ಆಫೀಸಿನಲ್ಲಿ ಕೆಲಸ ಮಾಡುವವರು, ಅಂಗಡಿ ಇರುವವರು. ಗೇರುಬೀಜದ ಕಾರ್ಖಾನೆಯಲ್ಲಿ ಸಾಲಾಗಿ ಕೂತು ಕೆಲಸ ಮಾಡುವ ತಾಯಿಗೆ, ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿರುವ ತಂದೆಗೆ ಆ ಸಂದೇಶ ಕಾಣುವುದು ಸಂಜೆಗೆ. ಅಷ್ಟರಲ್ಲಿ ಉಳಿದಿರುವುದು ಯಾರಿಗೂ ಬೇಡವಾದ ಹೊತ್ತು. ಅವರು ಮೊದಲ ಸಲ ಸರಿಯಾಗಿಯೇ ಸಮಯ ಪಡೆದಿದ್ದರು, ಒಂದು ದಿನದ ಕೂಲಿ ಬಿಡಲು ಸಿದ್ಧರಾಗಿದ್ದರು. ಮಳೆ ಬಂದದ್ದಕ್ಕೆ ಅವರ ಸರದಿ ಹೋಗುವುದು ಅನ್ಯಾಯ. ಹಾಗಾಗಿ ಹಳೆಯ ಸರದಿಯನ್ನು ಶಾಲೆ ಉಳಿಸಿಕೊಳ್ಳಬೇಕು. ಹೊಸ ಹೊತ್ತನ್ನು ಶಾಲೆಯೇ ಗೊತ್ತುಮಾಡಿ ತಿಳಿಸಬೇಕು, ಬರಲಾಗದವರು ಮಾತ್ರ ಬಾಯಿ ಬಿಟ್ಟರೆ ಸಾಕು ಎನ್ನುವಂತಿರಬೇಕು.

ಹೇಳುವುದು ಸುಲಭ, ಲೆಕ್ಕಕ್ಕೆ ಕೂತರೆ ಗೊತ್ತಾಗುತ್ತದೆ ಎನ್ನುವ ಟೀಚರುಗಳಿದ್ದಾರೆ. ಅವರ ಮಾತು ನಿಜವೇ. ಆದ್ದರಿಂದ ಲೆಕ್ಕಕ್ಕೇ ಕೂರೋಣ. 2025ರ ಕ್ಯಾಲೆಂಡರ್ ಮುಂದಿಟ್ಟುಕೊಂಡು, ಮಂಗಳೂರಿನ ಆಸುಪಾಸಿನ ಒಂದು ಶಾಲೆಯ ಏಳನೇ ತರಗತಿ ಎಂದುಕೊಳ್ಳಿ. 40 ಮಕ್ಕಳು. ಜುಲೈ 26, ಶನಿವಾರ, ಆ ದಿನ ಪಾಠವಿಲ್ಲ, ಸಭೆ ಮಾತ್ರ. ಬೆಳಗ್ಗೆ ಒಂಬತ್ತೂವರೆಯಿಂದ ಒಂದರವರೆಗೆ 21 ಮಂದಿ, ಮಧ್ಯಾಹ್ನ ಎರಡರಿಂದ ಐದು ಹತ್ತರವರೆಗೆ 19 ಮಂದಿ. ಶುಕ್ರವಾರ ರಾತ್ರಿ ರಜೆ ಘೋಷಣೆಯಾಯಿತು.

ಮುಂದಿನ ಶನಿವಾರ ಇಡೀ ದಿನ ಕೊಡಿ ಎಂದರೆ ಹೆಡ್‌ಮಾಸ್ಟರು ಒಪ್ಪುವುದಿಲ್ಲ. ಅವರು ಹಟ ಮಾಡುತ್ತಿದ್ದಾರೆಂದಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕು. ಮಳೆಗೆ ಹೋದ ದಿನಗಳನ್ನೇ ಹೇಗೆ ತುಂಬಿಸುವುದೆಂದು ಅವರು ಯೋಚಿಸುತ್ತಿರುತ್ತಾರೆ, ಇನ್ನೊಂದು ಬೆಳಗಿನ ಪಾಠ ಬಿಡಲಾರರು. ಆಗಸ್ಟ್ 2ರ ಶನಿವಾರ ಮಧ್ಯಾಹ್ನದ ಮೇಲೆ ಸಿಗುತ್ತದೆ, ಅಷ್ಟೆ. ಹಾಗಾದರೆ ಮಧ್ಯಾಹ್ನದ 19 ಮಂದಿಯ ಸಮಸ್ಯೆ ಮುಗಿಯಿತು: ಅದೇ ವಾರ, ಅದೇ ಹೊತ್ತು, ತಾರೀಕು ಮಾತ್ರ ಬೇರೆ. ಉಳಿದದ್ದು ಬೆಳಗಿನ 21 ಮಂದಿ.

ಅವರಿಗೆ ಸಂಜೆಗಳಿವೆ. ಶಾಲೆ ಬಿಟ್ಟ ಮೇಲೆ ನಾಲ್ಕೂಕಾಲರಿಂದ ಐದೂಕಾಲರವರೆಗೆ ದಿನಕ್ಕೆ ಆರು ಮಂದಿ. ನಾಲ್ಕು ಸಂಜೆಗೆ 24 ಜಾಗ, ಮೂರು ಹೆಚ್ಚೇ. ಯಾವ ನಾಲ್ಕು ಸಂಜೆ? ಊರು ಗೊತ್ತಿರುವವರ ಕೆಲಸ ಇಲ್ಲಿದೆ. ಸೋಮವಾರ 28 ಬೇಡ, ಚೀಟಿ ಓದಿ ಉತ್ತರ ಕೊಡಲು ಒಂದು ದಿನವಾದರೂ ಬೇಕು. ಮಂಗಳವಾರ 29 ನಾಗರ ಪಂಚಮಿ. ಅಂದು ತನು ಎರೆಯಲು ಅರ್ಧಕ್ಕರ್ಧ ಮನೆಗಳು ಮೂಲಸ್ಥಾನಕ್ಕೆ ಹೋಗಿರುತ್ತವೆ, ಸಭೆ ಇಟ್ಟರೆ ಟೀಚರ್ ಒಬ್ಬರೇ ಕೂರಬೇಕಾದೀತು. ಹಾಗಾಗಿ ಬುಧ, ಗುರು, ಶುಕ್ರ, ಆಮೇಲೆ ಆಗಸ್ಟ್ 4ರ ಸೋಮವಾರ.

ಇನ್ನೊಂದು ಸಂಗತಿ, ಕ್ಯಾಲೆಂಡರಿನಲ್ಲಿ ಅಚ್ಚಾಗದ್ದು. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಬೋಟಿನಲ್ಲಿ ದುಡಿಯುವ ತಂದೆ ವರ್ಷದಲ್ಲಿ ಮನೆಯಲ್ಲಿ ಕಾಣಸಿಗುವುದು ಆ ಎರಡು ತಿಂಗಳು. ಜುಲೈ 26ಕ್ಕೆ ಸಭೆ ಎಂದಾಗ ಬರುತ್ತೇನೆ ಎಂದಿದ್ದವನಿಗೆ ಆಗಸ್ಟ್ 2 ಎಂದು ಬರೆದರೆ ಅವನು ಅಷ್ಟು ಹೊತ್ತಿಗೆ ಕಡಲಿನಲ್ಲಿ ಇರಬಹುದು. ಆಳಕಡಲಿಗೆ ಹೋದ ಬೋಟು ವಾರಗಟ್ಟಲೆ ಬರುವುದಿಲ್ಲ. ಅಂಥ ಮನೆಗಳನ್ನು ಟೀಚರ್ ಮೊದಲೇ ಗುರುತು ಹಾಕಿಕೊಂಡು ಬುಧವಾರ, ಗುರುವಾರಕ್ಕೆ ಹಾಕಬೇಕು. ಅವರಲ್ಲಿ ಯಾರಾದರೂ ಶನಿವಾರ ಮಧ್ಯಾಹ್ನದ ಪಟ್ಟಿಯಲ್ಲಿದ್ದರೆ, ಆ ಮೂರು ಹೆಚ್ಚುವರಿ ಜಾಗ ಇರುವುದೇ ಇದಕ್ಕಾಗಿ. ಶಾಲೆಯ ಹತ್ತಿರವೇ ಮನೆ ಇರುವವರು ಕೊನೆಯ ಸೋಮವಾರಕ್ಕೆ ಹೋದರೆ ಅವರಿಗೇನೂ ತೊಂದರೆಯಿಲ್ಲ. ಐದೂವರೆಯ ಬಸ್ಸು ತಪ್ಪಿದರೆ ಮತ್ತೆ ಏಳರವರೆಗೆ ಕಾಯಬೇಕಾದವರಿಗೆ ನಾಲ್ಕೂಕಾಲರ ಸರದಿ ಕೊಡಬೇಕು.

ಅಕ್ಕ ಏಳನೆಯದು, ತಮ್ಮ ನಾಲ್ಕನೆಯದು ಎಂಬ ಮನೆಗಳು ಎಲ್ಲ ತರಗತಿಯಲ್ಲೂ ಇರುತ್ತವೆ. ಇಬ್ಬರು ಟೀಚರುಗಳು ತಮ್ಮ ತಮ್ಮ ಪಟ್ಟಿಯನ್ನು ಬೇರೆ ಬೇರೆಯಾಗಿ ಮಾಡಿದರೆ ಆ ತಾಯಿಗೆ ಒಂದು ಬುಧವಾರ, ಒಂದು ಸೋಮವಾರ ಬೀಳುತ್ತದೆ. ಇದಕ್ಕೊಂದು ಸರಳ ಉಪಾಯವಿದೆ. ಎಲ್ಲ ತರಗತಿಗಳ ಪಟ್ಟಿಯನ್ನು ಒಂದೇ ಹಾಳೆಗೆ ತಂದು ಮನೆಯ ಫೋನ್ ನಂಬರಿನ ಪ್ರಕಾರ ಜೋಡಿಸಿ. ಒಂದೇ ನಂಬರಿನ ಮಕ್ಕಳು ಒಟ್ಟೊಟ್ಟಿಗೆ ಬಂದು ನಿಲ್ಲುತ್ತಾರೆ. ಒಬ್ಬರಿಗೆ ನಾಲ್ಕೂಕಾಲು ಕೊಟ್ಟರೆ ಇನ್ನೊಬ್ಬರಿಗೆ ನಾಲ್ಕು ಮೂವತ್ತೈದು ಕೊಡಿ. ನಡುವೆ ಹತ್ತು ನಿಮಿಷ ಬಿಟ್ಟಿರಬೇಕು, ಮೆಟ್ಟಿಲು ಹತ್ತಿ ಇಳಿಯಲು, ಮೊದಲ ಮಾತು ಉದ್ದವಾದರೆ ಹಿಡಿಸಲು.

ಇದನ್ನೆಲ್ಲ ಗೊತ್ತುಮಾಡದೆ ಶುಕ್ರವಾರ ರಾತ್ರಿಯೇ ಹೊಸ ತಾರೀಕು ಹಾಕುವ ಅವಸರ ಬೇಡ. ರಾತ್ರಿ ಹೋಗಬೇಕಾದದ್ದು ಎರಡೇ ಸಾಲು: "ಜುಲೈ 26, ಶನಿವಾರದ ಪೋಷಕರ ಸಭೆ ಇಲ್ಲ. ನಿಮ್ಮ ಸರದಿ ಹೋಗಿಲ್ಲ, ಹೊಸ ಹೊತ್ತನ್ನು ಭಾನುವಾರ ಸಂಜೆ ತಿಳಿಸುತ್ತೇವೆ." ಇಲ್ಲಿ 'ನಾಳೆ' ಎಂದು ಬರೆಯಬಾರದು. ಮಳೆಗಾಲದಲ್ಲಿ ಹಳೆಯ ರಜೆಯ ಸಂದೇಶಗಳು, ತಾರೀಕು ತಿದ್ದಿದ ಸುಳ್ಳು ಆದೇಶಗಳು ಫೋನಿನಿಂದ ಫೋನಿಗೆ ಓಡಾಡುತ್ತಿರುತ್ತವೆ. ಕರೆಂಟು ಹೋಗಿ, ಟವರು ಸತ್ತು, ಶುಕ್ರವಾರದ ಸಂದೇಶ ಶನಿವಾರ ಮಧ್ಯಾಹ್ನ ತಲುಪಿದರೆ 'ನಾಳೆ' ಭಾನುವಾರವಾಗುತ್ತದೆ. ತಾರೀಕು ಮತ್ತು ವಾರ ಎರಡೂ ಇರಲಿ. ಇನ್ನು, ಬೆಂಗಳೂರಿನಲ್ಲಿ ದುಡಿಯುವ ತಂದೆ ಸಭೆಗೆಂದೇ ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ಇಳಿಯುತ್ತಿರಬಹುದು. ಅವನಿಗೆ ಟೀಚರ್ ಶನಿವಾರ ಅದೇ ಹೊತ್ತಿಗೆ ಫೋನಿನಲ್ಲೇ ಹತ್ತು ನಿಮಿಷ ಕೊಟ್ಟರೆ ಅವನ ಪ್ರಯಾಣ ದಂಡವಾಗುವುದಿಲ್ಲ.

ಭಾನುವಾರ ಹೋಗುವ ಚೀಟಿ ಹೀಗಿದ್ದರೆ ಸಾಕು ಎಂದು ನನ್ನ ಎಣಿಕೆ:

"ಜುಲೈ 26, ಶನಿವಾರ ನಡೆಯದ ಪೋಷಕರ ಸಭೆಗೆ ನಿಮ್ಮ ಹೊಸ ಹೊತ್ತು: ಜುಲೈ 30, ಬುಧವಾರ, ಸಂಜೆ 4.35. ಸ್ಥಳ: ಏಳನೇ ತರಗತಿಯ ಕೋಣೆ. ಬರಲು ಆಗುವುದಾದರೆ ಏನೂ ತಿಳಿಸಬೇಕಾಗಿಲ್ಲ. ಆಗದಿದ್ದರೆ ಜುಲೈ 28, ಸೋಮವಾರ ರಾತ್ರಿ 8ರೊಳಗೆ ಕ್ಲಾಸ್ ಟೀಚರಿಗೆ ಫೋನ್ ಮಾಡಿ. ಜುಲೈ 30ರಂದು ಮತ್ತೆ ಮಳೆ ರಜೆ ಬಂದರೆ ಆಗಸ್ಟ್ 6, ಬುಧವಾರ ಇದೇ ಹೊತ್ತಿಗೆ ಬನ್ನಿ."

ಕೊನೆಯ ಸಾಲನ್ನು ಬಿಡಬೇಡಿ. ಮಳೆ ಒಂದೇ ದಿನಕ್ಕೆ ನಿಲ್ಲುವುದಿಲ್ಲ, ಎರಡನೆಯ ಸಲ ರಜೆ ಬಂದಾಗ ಮತ್ತೆ ಇಷ್ಟೆಲ್ಲ ಮಾಡುವ ತ್ರಾಣ ಯಾರಿಗೂ ಇರುವುದಿಲ್ಲ. ಶುಕ್ರವಾರದವರಿಗೆ ಮಾತ್ರ ಮುಂದಿನ ಶುಕ್ರವಾರ ಎನ್ನಬೇಡಿ, ಅಂದು ವರಮಹಾಲಕ್ಷ್ಮಿ. ಕಡಲಿಗೆ ಹೋಗುವವರಿಗೆ ಮುಂದಿನ ವಾರ ಎನ್ನುವುದೂ ಉಪಯೋಗವಿಲ್ಲ, ಫೋನ್ ಎಂದು ಬರೆಯಿರಿ. ಅದಕ್ಕಿಂತ ದೂರ ತಳ್ಳಿದರೆ ಮಾತಿಗೇ ಅರ್ಥವಿರುವುದಿಲ್ಲ. ಮೊದಲ ರೂಪಣಾತ್ಮಕ ಪರೀಕ್ಷೆಯ ಪುಸ್ತಕ ಇಟ್ಟುಕೊಂಡು ಭಿನ್ನರಾಶಿಯಲ್ಲಿ ಹುಡುಗ ಎಲ್ಲಿ ಎಡವುತ್ತಿದ್ದಾನೆಂದು ಹೇಳುವುದು, ಎರಡನೆಯ ಪರೀಕ್ಷೆಗೆ ಮುಂಚೆ ಮನೆಯವರು ಏನಾದರೂ ಮಾಡಲಿ ಎಂದಲ್ಲವೇ?

ಚೀಟಿ ಮನೆಗೆ ಹೋದ ಮೇಲೆ ಅದನ್ನು ಓದುವವರು ಯಾರು ಎಂಬುದನ್ನೂ ನೆನೆಯಬೇಕು. ನಮ್ಮ ಕಡೆ ಮನೆಯ ಮಾತು ತುಳು, ಕೊಂಕಣಿ, ಬ್ಯಾರಿ, ಮಲಯಾಳ. ಕನ್ನಡ ಓದಲು ಬಾರದ ತಾಯಿಗೆ ಮಗನೇ ಓದಿ ಹೇಳುತ್ತಾನೆ. ಸಭೆ ಅವನ ಬಗ್ಗೆಯೇ ಇರುವಾಗ ಅವನು ಎಷ್ಟು ಓದುತ್ತಾನೋ! ಡೈರಿಯೂ ಆ ವಾರ ಒದ್ದೆಯಾಗಿ ಅಂಟಿಕೊಂಡಿರುತ್ತದೆ. ಅಂಥ ಮನೆಗಳಿಗೆ ಟೀಚರ್ ಅವರ ಮಾತಿನಲ್ಲೇ ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಬೇಕು. "ಅಕ್ಕಾ, ಬುಧವಾರ ನಾಲ್ಕು ಮೂವತ್ತೈದಕ್ಕೆ ಬನ್ನಿ ಆಯ್ತಾ" ಎಂಬಷ್ಟು ಸಾಕು.

ಚೀಟಿ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಬಂದವರನ್ನು ಎಣಿಸಿ ಪ್ರಯೋಜನವಿಲ್ಲ, ಬಾರದವರ ಹೆಸರು ನೋಡಬೇಕು. ಯಾವಾಗಲೂ ಬಾರದವರು ಈ ಸಲವೂ ಬಾರದಿದ್ದರೆ ಅದು ಬೇರೆ ಕಥೆ. ಹೋದ ವರ್ಷ ಬಂದಿದ್ದವರು, ಜುಲೈ 26ಕ್ಕೆ ಸಮಯ ಪಡೆದಿದ್ದವರು ಈಗ ಕಾಣದಿದ್ದರೆ ಚೀಟಿ ಅವರನ್ನು ತಲುಪಿಲ್ಲ, ಅಥವಾ ನಾವು ಕೊಟ್ಟ ಹೊತ್ತು ಅವರಿಗೆ ಹೊಂದಲಿಲ್ಲ. ಟೀಚರುಗಳಲ್ಲಿ ನನ್ನ ವಿನಂತಿ ಇಷ್ಟು: ಆ ಹೆಸರುಗಳ ಮುಂದೆ 'ಗೈರು' ಎಂದು ಬರೆದು ಪುಸ್ತಕ ಮುಚ್ಚುವ ಮೊದಲು ಅವರಿಗೆ ಒಂದು ಫೋನ್ ಮಾಡಿ, ನಿಮಗೆ ಯಾವ ಹೊತ್ತು ಆಗುತ್ತದೆ ಎಂದು ಅವರನ್ನೇ ಕೇಳಿ.