ಒಣ ಪಪಾಯಿ, ಅಮೆರಿಕದ ಮಂಡಕ್ಕಿ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗಳೂ ನಾನೂ ಎದುರುಬದುರು ಕೂತು ಒಂದೊಂದು ಇಂಗ್ಲಿಷ್ ಕಾದಂಬರಿ ಓದಿದೆವು. ಅವಳ ಕೈಯಲ್ಲಿ ಥಾನ್ಹಾ ಲಾಯ್ ಅವರ ‘ಇನ್‌ಸೈಡ್ ಔಟ್ ಅಂಡ್ ಬ್ಯಾಕ್ ಅಗೇನ್’, ನನ್ನ ಕೈಯಲ್ಲಿ ಝುಂಪಾ ಲಾಹಿರಿಯವರ ‘ದಿ ನೇಮ್‌ಸೇಕ್’. ಆಮೇಲೆ ಪುಸ್ತಕ ಅದಲು ಬದಲು ಮಾಡಿಕೊಂಡೆವು. ನನ್ನದರಲ್ಲಿ ಅವಳು ಮೊದಲಿನ ಕೆಲವು ಪುಟ ಓದಿ ಕೇಳಿದಳು: “ಅಜ್ಜ, ನನ್ನ ಬುಕ್ಕಲ್ಲಿ ಹುಡುಗಿ ತನ್ನ ಕತೆ ತಾನೇ ಹೇಳ್ತಾಳೆ. ಇದರಲ್ಲಿ ಈ ಆಂಟಿ ಯಾಕೆ ಏನೂ ಹೇಳಲ್ಲ?”

ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು, ಸಾಹಿತ್ಯ ಓದಿದವನಲ್ಲ. ಆದರೂ ಪ್ರಶ್ನೆ ಬಿಡಲಿಲ್ಲ.

ಅವಳ ಪುಸ್ತಕದ ಹುಡುಗಿಯ ಹೆಸರು ಹಾ. ವಯಸ್ಸು ಹತ್ತು. 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿಯುವ ಹೊತ್ತಿಗೆ ಅಮ್ಮ, ಮೂವರು ಅಣ್ಣಂದಿರ ಜೊತೆ ಹಡಗು ಹತ್ತಿ ಅಮೆರಿಕದ ಅಲಬಾಮಾ ಸೇರುತ್ತಾಳೆ. ಹಿತ್ತಲಲ್ಲಿ ತಾನೇ ಬೀಜ ಎಸೆದು ಬೆಳೆಸಿದ ಪಪಾಯಿ ಮರ, ಹಣ್ಣು ಪೂರ್ತಿ ಮಾಗುವ ಮೊದಲೇ ಕೈಬಿಟ್ಟು ಹೋಗುತ್ತದೆ. ಕತೆಯೆಲ್ಲ ಅವಳ ಬಾಯಲ್ಲೇ, ಕವಿತೆಯಂತೆ ತುಂಡು ತುಂಡು ಸಾಲುಗಳಲ್ಲಿ. ಇಂಗ್ಲಿಷ್ ಅವಳ ಕಿವಿಗೆ ಬರೀ ‘ಸ್ಸ್’ ಎಂದು ಬುಸುಗುಟ್ಟುವ ಭಾಷೆ. ಟೀಚರ್ ಹೆಸರನ್ನೂ ಹಾಗೇ ಬುಸುಗುಟ್ಟಿಸಿ ಬರೆಯುತ್ತಾಳೆ. ಊರಲ್ಲಿ ಜಾಣೆಯಾಗಿದ್ದವಳು ಹೊಸ ಶಾಲೆಯಲ್ಲಿ ಇಪ್ಪತ್ತರವರೆಗೆ ಎಣಿಸಿದ್ದಕ್ಕೆ ತರಗತಿಯೆಲ್ಲ ಚಪ್ಪಾಳೆ ತಟ್ಟಿದಾಗ ಅವಳಿಗೆ ಅವಮಾನ. ಹೊರಗಿನಿಂದ ನೋಡುವ ಮಕ್ಕಳಿಗೆ ಕಾಣುವುದು ಏನೂ ಬಾರದ ಹುಡುಗಿ. ಅವಳು ದಡ್ಡಿಯಲ್ಲ ಎಂದು ಅಲ್ಲಿ ಗೊತ್ತಿರುವುದು ಮನೆಯವರನ್ನು ಬಿಟ್ಟರೆ ಅವಳಿಗೆ, ಮತ್ತೆ ಓದುವ ನಮಗೆ. ಅದಕ್ಕೇ ಅವಳೇ ಮಾತಾಡಬೇಕು.

ಇನ್ನು ಅಶಿಮಾ. ಮದುವೆಯಾಗಿ ಕಲ್ಕತ್ತೆಯಿಂದ ಅಮೆರಿಕದ ಕೇಂಬ್ರಿಜ್‌ಗೆ ಹೋದವಳು. ಕಾದಂಬರಿ ತೆರೆಯುವುದು 1968ರ ಆಗಸ್ಟ್‌ನ ಒಂದು ಸಂಜೆ. ತುಂಬು ಬಸುರಿ ಅಡುಗೆಮನೆಯಲ್ಲಿ ನಿಂತಿದ್ದಾಳೆ. ಅಲ್ಲಿನವರು ಬೆಳಿಗ್ಗೆ ಹಾಲಿಗೆ ಹಾಕಿ ತಿನ್ನುವ ಅಕ್ಕಿಪುರಿ, ಕಡಲೆಕಾಯಿ ಬೀಜ, ಹೆಚ್ಚಿದ ಈರುಳ್ಳಿ, ಉಪ್ಪು, ನಿಂಬೆರಸ, ಹಸಿಮೆಣಸಿನಕಾಯಿ ಕಲಸುತ್ತಿದ್ದಾಳೆ. ಕಲ್ಕತ್ತೆಯ ರಸ್ತೆಬದಿಯ ಝಾಲ್‌ಮುರಿ, ಅಂದರೆ ನಮ್ಮ ಮಂಡಕ್ಕಿ, ಬರಬೇಕು. ಸಾಸಿವೆ ಎಣ್ಣೆ ಇಲ್ಲ. ಬಾಯಿಗೆ ಹಾಕಿಕೊಂಡರೆ ಏನೋ ಕಡಿಮೆ, ಎಂದಿನಂತೆ.

ಇದನ್ನು ಅವಳು ಹೇಳುವುದಿಲ್ಲ, ಪಕ್ಕದಲ್ಲಿ ನಿಂತವರಂತೆ ಲೇಖಕಿ ಹೇಳುತ್ತಾರೆ, ಈಗ ನಡೆಯುತ್ತಿದೆ ಎನ್ನುವ ಹಾಗೆ. ಗಂಡನನ್ನು ಹೆಸರು ಹಿಡಿದು ಕರೆಯದ ಹೆಂಗಸು ಅವಳು. ಅಂಥವಳು ತಾನಾಗಿ ‘ನನಗೆ ಇಲ್ಲಿ ಬೇಸರ’ ಎಂದು ಯಾರ ಮುಂದೆ ಹೇಳಿಯಾಳು? ಇನ್ನೂ ಒಂದಿದೆ. ಹಾಳ ಕತೆ ಒಂದು ಹೊಸವರ್ಷದ ಹಬ್ಬದಿಂದ ಮುಂದಿನ ಹಬ್ಬಕ್ಕೆ ಮುಗಿಯುತ್ತದೆ. ಅದು ಒಂದು ಮಗುವಿನ ಜ್ಞಾಪಕದಲ್ಲಿ ಹಿಡಿಸುತ್ತದೆ. ಲಾಹಿರಿ ಮೂವತ್ತಕ್ಕೂ ಹೆಚ್ಚು ವರ್ಷ ನಡೆಸುತ್ತಾರೆ, ಮಗ ಗೋಗೋಲ್‌ನ ಮನಸ್ಸಿಗೂ ಹೋಗಿ ಬರುತ್ತಾರೆ. ನನಗೆ ಮಗನ ಭಾಗಕ್ಕಿಂತ ತಾಯಿಯ ಭಾಗವೇ ಹೆಚ್ಚು ಹಿಡಿಸಿತು, ಪ್ರಾಯದ ದೋಷ ಇರಬಹುದು.

ಹಾಳಿಗೂ ಇಂಥದೇ ತಿನಿಸು ಸಿಗುತ್ತದೆ. ಪಾಠ ಹೇಳಿಕೊಡುವ ನೆರೆಮನೆಯಾಕೆ ಪ್ರೀತಿಯಿಂದ ಒಣ ಪಪಾಯಿ ಕೊಡುತ್ತಾರೆ. ಸಕ್ಕರೆ ಮೆತ್ತಿದ್ದು, ಅಂಟಂಟು. ಸಿಟ್ಟಿನಲ್ಲಿ ಕಸದ ಬುಟ್ಟಿಗೆ ಎಸೆಯುತ್ತಾಳೆ. ಅಮ್ಮ ಪಪಾಯಿಯ ಸಕ್ಕರೆಯನ್ನು ಬಿಸಿನೀರಿನಲ್ಲಿ ತೊಳೆದು, ಮೆತ್ತಗೆ ಮಾಡಿ ಇಟ್ಟಿರುತ್ತಾಳೆ. ಬೆಳಿಗ್ಗೆ ತಿಂದು ನೋಡಿದರೆ ಊರಿನ ರುಚಿಯಲ್ಲ, ಆದರೆ ಕೆಟ್ಟದ್ದೂ ಅಲ್ಲ ಅನಿಸುತ್ತದೆ. ಎಸೆದದ್ದು, ತಿಂದದ್ದು, ಎರಡನ್ನೂ ಅವಳೇ ಒಪ್ಪಿಕೊಳ್ಳುತ್ತಾಳೆ. ಅಶಿಮಾ ಎಸೆಯುವವಳಲ್ಲ, ಇದ್ದುದರಲ್ಲೇ ಸರಿಮಾಡಿಕೊಂಡು ತಿನ್ನುವವಳು.

ಇಲ್ಲಿಗೆ ಬಂದಾಗ ನನಗೆ ನನ್ನ ಅಮ್ಮ ನೆನಪಾದಳು. ಅಪ್ಪ ಹೋದ ಮೇಲೆ ಕುಂದಾಪುರದ ಕಡೆಯ ಹಳ್ಳಿಯಿಂದ ಅವಳನ್ನು ದಾವಣಗೆರೆಗೆ ಕರೆತಂದೆ. ನನಗೆ ಅಲ್ಲಿಗೆ ವರ್ಗವಾಗಿತ್ತು. ಪೇಟೆಯೆಲ್ಲ ಸುತ್ತಿ ಕುಚಲಕ್ಕಿ ಹುಡುಕಿ ತಂದೆ. ಗಂಜಿ ಬಡಿಸಿ “ಹೆಂಗಿತ್ತೇ ಅಮ್ಮ?” ಎಂದು ಕೇಳಿದರೆ “ಅಡ್ಡಿಲ್ಲೆ ಮಗ” ಅಂದಳು. ಹನ್ನೊಂದು ವರ್ಷ ನಮ್ಮ ಜೊತೆ ಇದ್ದಳು. ಏನು ಕೇಳಿದರೂ ಅದೇ ಉತ್ತರ. ನಾನೂ ಅಷ್ಟಕ್ಕೇ ಸುಮ್ಮನಾದೆ, ಬ್ಯಾಂಕಿಗೆ ಹೊತ್ತಾಗುತ್ತಿತ್ತು.

ಮೊಮ್ಮಗಳಿಗೆ ಇದನ್ನು ಹೇಳಿದೆ. “ಅಂದ್ರೆ ಮುತ್ತಜ್ಜಿಗೆ ಇಷ್ಟ ಆಗ್ತಿತ್ತಾ, ಇಲ್ವಾ?” ಅಂದಳು.

ಉತ್ತರ ನನ್ನಲ್ಲಿರಲಿಲ್ಲ. ಮರುದಿನ ಅವಳಿಗೆ ಕುಚಲಕ್ಕಿ ಗಂಜಿ ಮಾಡಿಸಿ, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ ಇಟ್ಟೆ. ಎರಡು ಚಮಚ ತಿಂದು, ನನ್ನ ಮುಖ ನೋಡಿ, ಇನ್ನೊಂದು ಮಿಡಿ ಕೇಳಿದಳು.