ಫೆಸ್ಟಿನ ಹೆಸರು ಯಾರಿಗೆ, ಥೀಮ್ ಯಾರಿಗೆ?

1/5

ನಮ್ಮ ಕಾಲೇಜಿನಾಗ ಈ ಸಲ ಅಂತರ್ ಕಾಲೇಜು ಟೆಕ್ ಫೆಸ್ಟ್ ಐತಿ. ಬಿಸಿಎ ಮತ್ತು ಕಾಮರ್ಸ್ ಎರಡೂ ವಿಭಾಗ ಕೂಡಿ ಮಾಡತೇವಿ. ಕೋಡಿಂಗ್, ರೋಬೋ ಎಲ್ಲಾ ಅವರದು. ರೊಕ್ಕ ತರೋದು ಬಿಕಾಂ ಹುಡುಗರದು. ಹಂಗಾಗಿ ಹೆಸರು ಮತ್ತು ಥೀಮ್ ಆರಿಸೋ ಮೀಟಿಂಗಿಗೂ ನಮ್ಮನ್ನ ಕರೆದರು. ಹೆಸರಿಗೂ ರೊಕ್ಕಕ್ಕೂ ಏನು ಸಂಬಂಧ ಅಂತೀರಿ? ಲೆಕ್ಕ ನೋಡ್ರಿ.

ಖರ್ಚು 1,20,000 ರೂಪಾಯಿ. ಊಟ, ಬಹುಮಾನ, ಪೆಂಡಾಲು, ಸೌಂಡು, ಸರ್ಟಿಫಿಕೇಟು ಎಲ್ಲಾ ಸೇರಿ. ಬರೋರು 300 ಮಂದಿ ಅಂತ ಹಿಡಿದೇವಿ. ಸ್ಪಾನ್ಸರ್ ಯಾರೂ ಇಲ್ಲ ಅಂದ್ರ ಒಬ್ಬರಿಗೆ 400 ರೂಪಾಯಿ ಫೀ ಬೀಳತೈತಿ. ಹುನಗುಂದ, ಬಾದಾಮಿ ಕಡೆಯಿಂದ ಬಸ್ಸಿಗೆ ರೊಕ್ಕ ಕೊಟ್ಟು ಬರೋ ಡಿಗ್ರಿ ಹುಡುಗರು 400 ಕೊಡ್ತಾರೇನು? ಕೊಡಂಗಿಲ್ಲ. ಅದಕ್ಕ ಫೀ 150 ಅಂತ ಇಟ್ಟೇವಿ. ಅಂದ್ರ ಫೀದಿಂದ 45,000 ಬರತೈತಿ. ಉಳಿದ 75,000 ಪೇಟೆಯಿಂದ ಬರಬೇಕು.

ಪೇಟೆಯವರ ಮುಂದ ನಾವು ಮೊದಲು ಬಾಯಿ ಬಿಡೋದೇ ಫೆಸ್ಟಿನ ಹೆಸರಿನಿಂದ. ಆ ಹೆಸರು ತಿಳಿಸಿ ಹೇಳೋದರಾಗ ಎರಡು ನಿಮಿಷ ಹೋದ್ರ, ಸಾಹುಕಾರ್ರು ಅಷ್ಟೊತ್ತಿಗೆ ಬ್ಯಾರೆ ಗಿರಾಕಿ ಕಡೆ ತಿರುಗಿರತಾರ.

2/5

ಮೀಟಿಂಗಿನಾಗ ಮೊದಲು ಬಂದ ಹೆಸರುಗಳೆಲ್ಲಾ "ಟೆಕ್ನೋ"ದಿಂದ ಶುರು. ಮುಂದೊಂದು ಸಂಸ್ಕೃತ ಶಬ್ದ, ಇಲ್ಲಾ ಕೊನೆಗೊಂದು ಎಕ್ಸ್. ತಪ್ಪೇನಿಲ್ಲ. ಆದ್ರ ಹತ್ತು ಕಾಲೇಜಿನ ಪೋಸ್ಟರ್ ಸಾಲಾಗಿ ಹಚ್ಚಿದ್ರ ನಮ್ಮದು ಯಾವುದು ಅಂತ ನಮಗೇ ಗೊತ್ತಾಗಂಗಿಲ್ಲ.

ದೊಡ್ಡ ಕಾಲೇಜಿನವರು ಹೆಂಗ ಇಟ್ಟಾರ ನೋಡ್ರಿ. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಫೆಸ್ಟ್ ಹೆಸರು "ಏಯ್ತ್ ಮೈಲ್". ಯಾಕಂದ್ರ ಆ ಕಾಲೇಜು ಇರೋದೇ ಮೈಸೂರು ರಸ್ತೆಯ ಎಂಟನೇ ಮೈಲಿಯಾಗ. ಅಷ್ಟೇ. ದಿನಾ ಬಸ್ಸಿನಾಗ ಹೇಳೋ ವಿಳಾಸವನ್ನೇ ಹೆಸರು ಮಾಡಿದರು. ಬ್ಯಾರೆ ಯಾವ ಕಾಲೇಜೂ ಅದನ್ನ ಕದಿಯಾಕ ಆಗಂಗಿಲ್ಲ. ಬಿ.ಎಂ.ಎಸ್. ಕಾಲೇಜಿನವರದು "ಫೇಸ್ ಶಿಫ್ಟ್". ಅದು ಅಲೆಗಳ ಪಾಠದ ಶಬ್ದ. ಬರೋರೆಲ್ಲಾ ಇಂಜಿನಿಯರಿಂಗ್ ಹುಡುಗರಾದ್ರ ಅದು ಸರಿಯಾಗೇ ಕೂಡತೈತಿ. ನಮ್ಮಲ್ಲಿಗೆ ಬಿಎಸ್ಸಿ, ಬಿಕಾಂ, ಡಿಪ್ಲೊಮಾ ಎಲ್ಲಾ ಬರತಾರ. ಅಂಥ ಹೆಸರು ಇಟ್ರ ಅರ್ಧ ಮಂದಿ "ಇದು ನಮಗಲ್ಲ ಬಿಡಪಾ" ಅಂತಾರ.

ಹಂಗಾಗಿ ನಮ್ಮ ಸೀಮೆಯೊಳಗೇ ಹೆಸರು ಹುಡುಕಿದಿವಿ. ಮೊದಲು ಬಂದಿದ್ದು "ವಾತಾಪಿ". ಬಾದಾಮಿಯ ಹಳೇ ಹೆಸರು, ಚಾಲುಕ್ಯರ ರಾಜಧಾನಿ, ಕೇಳಾಕ ಗತ್ತು ಐತಿ. ಹುಡುಗರೆಲ್ಲಾ ಕೈ ಎತ್ತಿದರು. ಪಕ್ಕಾ ಮಾಡೋ ಮೊದಲು ಗುರುತಿನ ಅಂಗಡಿಯವರೊಬ್ಬರ ಕಿವಿಗೆ ಹಾಕಿದ್ವಿ. ಅವರು ನಕ್ಕು ಹೇಳಿದ್ದು ಇಷ್ಟೇ: "ತಮ್ಮಾ, ಅಗಸ್ತ್ಯ ಮುನಿ ವಾತಾಪಿಗೆ ಏನಂದಿದ್ದ? ಜೀರ್ಣೋಭವ! ನಮ್ಮ ರೊಕ್ಕ ಹಂಗ ಆಗಬಾರದಲೇ."

ನಗಬ್ಯಾಡ್ರಿ. ಕತಿ ಗೊತ್ತಿದ್ದವರ ತಲಿಯಾಗ ಆ ಹೆಸರಿಗೆ ಮೊದಲು ಬರೋದು ಅರಗಿಹೋದ ರಾಕ್ಷಸನೇ. ರೊಕ್ಕ ಕೇಳಾಕ ಹೋದಾಗ ಅದು ಬ್ಯಾಡ.

ಎರಡನೇದು "ತೋಪ ತೆನಿ". ಇಳಕಲ್ ಸೀರಿಯ ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ನೇಕಾರರು ಎರಡನ್ನೂ ಕುಣಿಕಿ ಕುಣಿಕಿಯಾಗಿ ಕೂಡಿಸೋ ಕಲೆಗೆ ಆ ಹೆಸರು. ಬಿಸಿಎ ಮತ್ತು ಬಿಕಾಂ ಕೂಡಿ ಮಾಡೋ ಫೆಸ್ಟಿಗೆ ಇದಕ್ಕಿಂತ ಚಂದದ ಅರ್ಥ ಸಿಗಂಗಿಲ್ಲ. ಆದ್ರ ಒಂದು ತೊಡಕು. ಹೆಸರೇ ಸೀರಿದು ಆದಮೇಲೆ ಗ್ರಾನೈಟ್‌ನವರು, ಬೈಕ್ ಶೋರೂಮಿನವರು "ಇದು ಸೀರಿ ವ್ಯಾಪಾರಿಗಳ ಕಾರ್ಯಕ್ರಮ, ಅವರನ್ನೇ ಕೇಳ್ರಿ" ಅಂತಾರ. ಸೀರಿ ಅಂಗಡಿಯವರೋ, ಒಬ್ಬರು ಕೊಟ್ರ ಇನ್ನೊಬ್ಬರು ಕೊಡಂಗಿಲ್ಲ. ಯಾವುದೋ ಒಂದೇ ಧಂಧೆಗೆ ಸೇರಿದ ಹೆಸರು ಇಟ್ರ ಉಳಿದ ಧಂಧೆಯ ಬಾಗಿಲು ನಾವೇ ಮುಚ್ಚಿದಂಗ.

3/5

ಸ್ವೈಪ್ ಮಾಡ್ರಿ, ಈ ಫೋಟೋ ಐಹೊಳೆದು. ನಮ್ಮ ಹುನಗುಂದ ತಾಲ್ಲೂಕಿನ ಊರು. ಗುಡಿಗಳ ಸಲುವಾಗಿ ಎಲ್ಲರಿಗೂ ಗೊತ್ತು. ನಮ್ಮಂಥ ಕಾಮರ್ಸ್ ಹುಡುಗರಿಗೆ ಗೊತ್ತಿರಬೇಕಾದ್ದು ಇನ್ನೊಂದು ಐತಿ.

ಐಹೊಳೆಯ ಹಳೇ ಹೆಸರು ಅಯ್ಯಾವೊಳೆ. ಸಾವಿರ ವರ್ಷದ ಹಿಂದ ದಕ್ಷಿಣ ಭಾರತದ ತುಂಬ ವ್ಯಾಪಾರ ಮಾಡುತ್ತಿದ್ದ ಒಂದು ದೊಡ್ಡ ವರ್ತಕರ ಸಂಘ ಇತ್ತು, "ಅಯ್ಯಾವೊಳೆ ಐನೂರ್ವರು" ಅಂತ. ಸದಸ್ಯರು ಎಣಿಸಿದಂಗ ಐನೂರು ಮಂದಿ ಇರಲಿಲ್ಲ, ಸಂಘ ಅದಕ್ಕಿಂತ ಭಾಳ ದೊಡ್ಡದು. ಆದ್ರ ಎಲ್ಲಿಗೆ ಹೋದರೂ ಈ ಊರಿನ ಹೆಸರು ಹೊತ್ತುಕೊಂಡೇ ಹೋದರು. ಅವರ ಶಾಸನಗಳು ಕನ್ನಡ ನಾಡಿನಾಗಷ್ಟೇ ಅಲ್ಲ, ತಮಿಳುನಾಡಿನಾಗ, ಶ್ರೀಲಂಕಾದಾಗ ಅದಾವ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಾರೂಸ್‌ನಾಗ ಸಿಕ್ಕ 1088ರ ತಮಿಳು ಶಾಸನದಾಗೂ ಐನೂರ್ವರ ಮಾತು ಬರತೈತಿ.

"ಅಯ್ಯಾವೊಳೆ 500" ಅಂತ ಇಡೋಣು ಅಂದ ಒಬ್ಬ ದೋಸ್ತ್. ಬರೆದು ನೋಡಿದಿವಿ. ಎರಡು ಕಡೆ ಸಿಕ್ಕಿಬಿತ್ತು. ಪೋಸ್ಟರಿನಾಗ 500 ಅಂತ ಕಂಡ ಕೂಡಲೇ ಜೂನಿಯರ್ ಒಬ್ಬ ಕೇಳಿದ, "ಅಣ್ಣಾ, ಎಂಟ್ರಿ ಫೀ ಐನೂರೇನು?" ಮತ್ತ ಫೋನಿನಾಗ ಅಯ್ಯಾವೊಳೆ ಅಂತ ಹೇಳಿ ಇಂಗ್ಲಿಷ್ ಅಕ್ಷರದಾಗ ಟೈಪ್ ಮಾಡ್ರಿ ಅಂದ್ರ ಐದು ಮಂದಿ ಐದು ಥರಾ ಮಾಡಿದರು. ಹಂಗಾದ್ರ ನಮ್ಮ ಪೇಜ್ ಹುಡುಕಿದವರಿಗೆ ಸಿಗೋದು ಹೆಂಗ?

ಅದೇ ವರ್ತಕರಿಗೆ ಇನ್ನೊಂದು ಹೆಸರು ಇತ್ತು: ನಾನಾದೇಶಿ. ನಾನಾ ದೇಶಕ್ಕ ಹೋಗಿ ವ್ಯಾಪಾರ ಮಾಡೋರು ಅಂತ. ಇದನ್ನ ಕೇಳಿದ ಕೂಡಲೇ ಮೀಟಿಂಗ್ ಸುಮ್ಮನಾಯ್ತು. ನಾನಾ ಊರಿನ ಕಾಲೇಜುಗಳು ಒಂದು ಕಡೆ ಸೇರೋ ಫೆಸ್ಟಿಗೆ ಅರ್ಥ ತಿಳಿಸಿ ಹೇಳಬೇಕಾಗೇ ಇಲ್ಲ. ಅಂಗಡಿಯವರಿಗೆ ಅದು ಅವರದೇ ಹಿರಿಯರ ಬಿರುದು. ಯಾವ ಒಂದು ಧಂಧೆದೂ ಅಲ್ಲ. ಫೋನಿನಾಗ ಹೇಳಿದ್ರ ಐದರಾಗ ನಾಲ್ಕು ಮಂದಿ `nanadeshi` ಅಂತನೇ ಟೈಪ್ ಮಾಡಿದರು. ಒಬ್ಬ ಮಾತ್ರ ಎಚ್ ಬಿಟ್ಟಿದ್ದ.

ಬ್ಯಾನರ್ ಅಚ್ಚಿಗೆ ಕೊಡೋ ಮೊದಲು ಇನ್ನೊಂದು ಕೆಲಸ. ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಾಗ ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಶಿಕ್ಷಣ, ಮನರಂಜನೆಗೆ ಸಂಬಂಧಿಸಿದ ಹೆಸರು ಬರೋದು 41ನೇ ವರ್ಗದಾಗ. ನಿಮ್ಮ ಹೆಸರು ಯಾವುದರೇ ಆಗಲಿ, ಅಲ್ಲೊಮ್ಮೆ ನೋಡ್ರಿ.

4/5

ಈಗ ಥೀಮ್. ಇಲ್ಲೇ ಭಾಳ ಮಂದಿ ಎರಡನ್ನೂ ಕಲಸತಾರ. ಹೆಸರು ವರ್ಷ ವರ್ಷ ಉಳಿಯೋದು, ಥೀಮ್ ಒಂದು ವರ್ಷದ್ದು. ಐಪಿಎಲ್ ನೋಡ್ರಿ. ಡಿಎಲ್‌ಎಫ್, ಪೆಪ್ಸಿ, ವಿವೊ, ಡ್ರೀಮ್ ಇಲೆವೆನ್, ಟಾಟಾ ಅಂತ ಮುಂದಿನ ಹೆಸರು ಬದಲಾಗತಾ ಬಂತು, ಐಪಿಎಲ್ ಐಪಿಎಲ್ಲೇ ಉಳೀತು. ಅದಕ್ಕ ನಾವೂ ಬರೆದು ಇಟ್ಟೇವಿ: ಸ್ಪಾನ್ಸರ್ ಹೆಸರು ಮೇಲಿನ ಸಾಲಿನಾಗ "ಇವರು ಅರ್ಪಿಸುವ" ಅಂತ ಬರತೈತಿ, ನಾನಾದೇಶಿ ಅನ್ನೋದರ ಒಳಗ ಬರಂಗಿಲ್ಲ. ಇಲ್ಲಾಂದ್ರ ಮುಂದಿನ ವರ್ಷ ಅವರು ಕೈಬಿಟ್ಟಾಗ ಹೆಸರೂ ಹೋಗತೈತಿ.

ಮೊದಲು ಬಂದ ಥೀಮ್ "ಭವಿಷ್ಯದ ತಂತ್ರಜ್ಞಾನ". ಇದಕ್ಕ ನಾನು ಒಂದು ಪರೀಕ್ಷೆ ಹಚ್ಚಿದೆ. ಥೀಮ್ ಅಳಿಸಿಬಿಡ್ರಿ, ಸ್ಪರ್ಧೆಗಳ ಪಟ್ಟಿ ಬದಲಾಗತೈತೇನು? ಕೋಡಿಂಗ್, ಕ್ವಿಜ್, ರೋಬೋ ರೇಸ್, ಪೇಪರ್ ಪ್ರೆಸೆಂಟೇಶನ್. ಒಂದೂ ಬದಲಾಗಲಿಲ್ಲ. ಅಂದ್ರ ಅಲ್ಲಿ ಥೀಮೇ ಇರಲಿಲ್ಲ, ಬ್ಯಾನರಿನ ಮೇಲೊಂದು ಸಾಲು ಇತ್ತು.

ನಾವು ಆರಿಸಿದ್ದು "ಸಂತಿಯಿಂದ ಸ್ಕ್ಯಾನರ್ ತನಕ". ಕಾಯಿಪಲ್ಲೆ ಅಂಗಡಿಯಾಗ ಕ್ಯೂಆರ್ ಕೋಡಿಗೆ ನಾವೆಲ್ಲಾ ಸ್ಕ್ಯಾನರ್ ಅಂತೇವಲ್ಲ, ಅದೇ. ಇದನ್ನ ಇಟ್ಟ ಕೂಡಲೇ ಪಟ್ಟಿ ತಾನೇ ತಿರುಗಿತು.

ಇಳಕಲ್ಲಿನ ಕೆಂಪು ಗ್ರಾನೈಟ್ ತಗೊಳ್ರಿ. ಒಂದು ಹಲಗಿ 9 ಅಡಿ ಉದ್ದ, 5 ಅಡಿ ಅಗಲ ಐತಿ ಅನ್ನೋಣು. ಅಡುಗಿ ಮನಿ ಕಟ್ಟಿ, ಮೆಟ್ಟಿಲು, ಹೊಸ್ತಿಲು ಅಂತ ಹತ್ತು ಅಳತಿಯ ತುಂಡು ಬೇಕು. ಹೆಂಗ ಕತ್ತರಿಸಿದ್ರ ಕಡಿಮಿ ಹಾಳಾಗತೈತಿ? ಅದನ್ನ ಹೇಳೋ ಪ್ರೋಗ್ರಾಮ್ ಬರೆಯೋದೇ ಕೋಡಿಂಗ್ ಸ್ಪರ್ಧೆ. ಯಾರದು ಕಡಿಮಿ ಕಲ್ಲು ಉಳಿಸಿತು ಅವರು ಗೆದ್ದರು. ಇದನ್ನ ಒಬ್ಬ ಗ್ರಾನೈಟ್ ಮಾಲಕರ ಮುಂದ ಹೇಳಿದಾಗ ಅವರು ಬ್ರೋಷರ್ ತೆರೀಲೇ ಇಲ್ಲ. "ಬ್ಲೇಡಿನ ದಪ್ಪ ಲೆಕ್ಕಕ್ಕ ಹಿಡಿದೀರೇನು?" ಅಂತ ಕೇಳಿದರು. ಪ್ರತಿ ಕೊಯ್ತಕ್ಕೂ ಬ್ಲೇಡಿನಷ್ಟು ಕಲ್ಲು ಪುಡಿಯಾಗತೈತಿ ಅನ್ನೋದು ನಮ್ಮ ಕೋಡಿಂಗ್ ಹುಡುಗರ ತಲಿಯಾಗೇ ಇರಲಿಲ್ಲ. ಆ ನಿಯಮ ಸೇರಿಸಿದಿವಿ. ಅವರು ಆ ಸ್ಪರ್ಧೆಗೆ 10,000 ಒಪ್ಪಿದರು.

ಇದರಿಂದ ನಾನು ಹಿಡಿದ ಗುರುತು ಒಂದೇ. ಸ್ಪಾನ್ಸರ್ "ನಮ್ಮ ಲೋಗೋ ಎಷ್ಟು ದೊಡ್ಡದು?" ಅಂತ ಕೇಳಿದ್ರ ಥೀಮ್ ಅವರಿಗೆ ಮುಟ್ಟಿಲ್ಲ. ಸ್ಪರ್ಧೆ ಬಗ್ಗೆ ಪ್ರಶ್ನೆ ಕೇಳಿದ್ರ ಮುಟ್ಟೈತಿ.

ಹಂಗೇ ಸೀರಿ ಅಂಗಡಿಯವರೊಬ್ಬರು ಡಿಸೈನ್ ಸ್ಪರ್ಧೆ ಹಿಡಿದರು: ಗೋಮಿ, ಚಿಕ್ಕಿ ದಡಿಗಳನ್ನ ನೋಡಿ ಚೌಕಳಿ ಗ್ರಿಡ್ ಮೇಲೆ ಹೊಸ ದಡಿ ಮಾಡೋದು. ಮೊಬೈಲ್ ಅಂಗಡಿಯವರು ನಕಲಿ ಪೇಮೆಂಟ್ ಸ್ಕ್ರೀನ್‌ಶಾಟ್ ಗುರುತಿಸೋ ಆಟ ಹಿಡಿದರು. ಅದು ಅವರಿಗೆ ದಿನಾ ಇರೋ ತಲಿನೋವು.

5/5

75,000ದ ಪಟ್ಟಿ ಹಿಂಗ ಮಾಡಿದ್ವಿ: ಮುಖ್ಯ ಸ್ಪಾನ್ಸರ್ 30,000, ಮೂರು ಸ್ಪರ್ಧೆಗೆ ತಲಾ 10,000, ಐದು ಸ್ಟಾಲಿಗೆ ತಲಾ 3,000. ಈ ಕ್ಯಾಪ್ಷನ್ ಹಾಕೋ ಹೊತ್ತಿಗೆ ಮೂರು ಸ್ಪರ್ಧೆ, ನಾಲ್ಕು ಸ್ಟಾಲು ಆಗ್ಯಾವ. ಒಟ್ಟು 42,000. ಇನ್ನೂ 33,000 ಬೇಕು.

ಥೀಮಿಗೆ ಮಿತಿಯೂ ಐತಿ. ಸ್ಪರ್ಧೆಗೆ ಸ್ಪಾನ್ಸರ್ ತರತೈತಿ, ಮುಖ್ಯ ಸ್ಪಾನ್ಸರ್ ತರೋದು ಕಷ್ಟ. ಬ್ಯಾಂಕಿನಂಥವರ ಹಂತೇಲಿ ಹೋದ್ರ ಶಾಖೆಯವರಿಗೆ ಥೀಮ್ ಇಷ್ಟ ಆದರೂ ಮಂಜೂರಿ ಮೇಲಿನ ಕಚೇರಿಯಿಂದ ಬರಬೇಕು. ಅಲ್ಲಿ ಕೇಳೋದು ಹೋದ ವರ್ಷ ಎಷ್ಟು ಮಂದಿ ಬಂದಿದ್ದರು ಅಂತ. ನಾನಾದೇಶಿಗೆ ಹೋದ ವರ್ಷ ಅನ್ನೋದೇ ಇಲ್ಲ, ಇದೇ ಮೊದಲನೇದು. ಹೆಸರನ್ನ ವರ್ಷ ವರ್ಷ ಬದಲಿಸಬಾರದು ಅನ್ನೋದು ಇದಕ್ಕೇ. ಎರಡನೇ ವರ್ಷ ಅದೇ ಹೆಸರಿನ ಫೋಟೋ, ಅದೇ ಹೆಸರಿನ ಲೆಕ್ಕದ ಪುಸ್ತಕ ತೋರಿಸಬಹುದು.

ಮುಖ್ಯ ಸ್ಪಾನ್ಸರ್ ಆಗಲಿ, ಐದನೇ ಸ್ಟಾಲ್ ಆಗಲಿ ಬರದಿದ್ರ ಫೀ 150ರಿಂದ 260 ಆಗತೈತಿ. ಇಲ್ಲಾ ಊಟ, ಬಹುಮಾನದಾಗ ಕೊಯ್ಬೇಕು. ನಮ್ಮ ಕಮಿಟಿ ಬಹುಮಾನ ಕೊಯ್ಯೋಣು ಅಂದೈತಿ, ಊಟ ಅಲ್ಲ.

ನಿಮ್ಮ ಕಾಲೇಜಿನ ಫೆಸ್ಟ್ ಹೆಸರು ಏನು, ಅದನ್ನ ಯಾರು ಇಟ್ಟರು, ಕಾಮೆಂಟಿನಾಗ ಬರೀರಿ. ಹಂಗೇ ಮನಿಯಾಗ ಯಾರಿಗಾದ್ರೂ ಫೋನ್ ಹಚ್ಚಿ "ನಾನಾದೇಶಿ" ಅಂತ ಒಮ್ಮೆ ಹೇಳಿ, ಟೈಪ್ ಮಾಡಿ ಕಳಿಸ್ರಿ ಅನ್ರಿ. ಬಂದ ಸ್ಪೆಲ್ಲಿಂಗ್ ಇಲ್ಲಿ ಹಾಕ್ರಿ. ಬ್ಯಾನರ್ ಅಚ್ಚಿಗೆ ಹೋಗೋದು ಸೋಮವಾರ.